ಸಂತೆಯ ನಡುವೆ ಕಾರು ಯಾಕೆ? ಚರ್ಚೆಯಲ್ಲಿ ನಮ್ಮ ಕೊನೆಯ ಸರದಿ



ನಗರದ ನಡುಭಾಗದಲ್ಲಿ ಖಾಸಗಿ ಕಾರು ನಿಷೇಧಿಸಬೇಕು ಅನ್ನುವುದರ ಪರವಾಗಿ ನಾವು ನಿಂತಿದ್ದೇವೆ. ಎರಡೂ ಕಡೆಯ ಮಾತು ಮುಗಿದಿದೆ. ಕೊನೆಯ ಸರದಿಯಲ್ಲಿ ಹೊಸ ವಾದ ತರುವ ಹಾಗಿಲ್ಲ. ಎಲ್ಲೆಲ್ಲಿ ಜಟಾಪಟಿ ಆಯಿತು, ಅಲ್ಲಿ ಯಾರ ಮಾತು ಉಳಿಯಿತು ಎಂಬುದನ್ನಷ್ಟೇ ಹೇಳಬೇಕು. ಎಲ್ಲವನ್ನೂ ಸಮನಾಗಿ ಹೇಳಲು ಹೋಗುವುದಿಲ್ಲ. ಕೆಲವು ಕಡೆ ಎದುರು ತಂಡದವರು ನಮ್ಮನ್ನು ನಿಜವಾಗಿಯೂ ಕಷ್ಟಕ್ಕೆ ಸಿಕ್ಕಿಸಿದರು. ಹೆಚ್ಚು ಹೊತ್ತು ಅಲ್ಲೇ ನಿಲ್ಲುತ್ತೇವೆ.

ಬೆಂಗಳೂರಿನ ಕಾರಿನ ಜಗಳ ಹಳ್ಳಿಯವರಿಗೆ ಯಾಕೆ ಅಂತ ಮೊದಲ ಮಾತಿನಲ್ಲೇ ಕೇಳಿದ್ದರು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸೊಪ್ಪು, ಹೂವು, ಅವರೆಕಾಯಿ ಮಾರುವವರು ಯಾರು? ಸುತ್ತಲಿನ ಮನೆಗಳಲ್ಲಿ ಪಾತ್ರೆ ತೊಳೆಯಲು, ಅಂಗಡಿಗಳಲ್ಲಿ ಸೀರೆ ಮಡಿಸಲು, ಕಟ್ಟಡಕ್ಕೆ ಕಲ್ಲು ಹೊರಲು ಬರುವವರು ಯಾರು? ಜಯದೇವ ಆಸ್ಪತ್ರೆಗೆ, ಸಂಜಯ್ ಗಾಂಧಿ ಆಸ್ಪತ್ರೆಗೆ, ಕಿದ್ವಾಯಿಗೆ ಫೈಲು ಹಿಡಿದು ಬರುವವರು ಯಾರು? ಅವರಲ್ಲಿ ಬಹಳ ಮಂದಿ ನಮ್ಮವರು. ಬಂದವರಲ್ಲಿ ಹೆಚ್ಚಿನವರು ಬಸ್ಸಿನಲ್ಲಿ ಬರುತ್ತಾರೆ, ಇಳಿದ ಮೇಲೆ ನಡೆಯುತ್ತಾರೆ. ಆ ರಸ್ತೆಯಲ್ಲಿ ಅವರಿಗೆ ಎಷ್ಟು ಜಾಗ ಇದೆ ಎಂಬುದೇ ಇಂದಿನ ಪ್ರಶ್ನೆ.

ನಾವು ಹೇಳುತ್ತಿರುವ ನಡುಭಾಗ ಯಾವುದು ಅಂತ ಮತ್ತೊಮ್ಮೆ ಸ್ಪಷ್ಟ ಮಾಡುತ್ತೇವೆ, ಯಾಕೆಂದರೆ ಎದುರು ತಂಡದವರು ಪ್ರತಿ ಸಲವೂ ಅದನ್ನು ಇಡೀ ಬೆಂಗಳೂರು ಅಂತ ಹಿಗ್ಗಿಸಿದರು. ದಕ್ಷಿಣ ಬೆಂಗಳೂರಿನಲ್ಲಿ ನಾವು ಆರಿಸಿಕೊಂಡದ್ದು ಜಯನಗರ ನಾಲ್ಕನೇ ಬ್ಲಾಕಿನ ಶಾಪಿಂಗ್ ಕಾಂಪ್ಲೆಕ್ಸು, ಅದರ ಸುತ್ತಲಿನ ಪೇಟೆ ಬೀದಿಗಳು. ಬನಶಂಕರಿ ವರ್ತುಲ ರಸ್ತೆಯೂ ಅಲ್ಲ, ಬಿಟಿಎಂ ಬಡಾವಣೆಯೂ ಅಲ್ಲ, ಜೆ.ಪಿ. ನಗರದ ನಿಮ್ಮ ನೆಂಟರ ಮನೆಯ ಬಾಗಿಲೂ ಅಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ಅಜ್ಜಿಯೊಬ್ಬರು ನಿಧಾನಕ್ಕೆ ನಡೆದು ಹೋಗಬಹುದಾದಷ್ಟು ಜಾಗ. ಅಲ್ಲೇ ಬಿಎಂಟಿಸಿ ಬಸ್ ನಿಲ್ದಾಣ ಇದೆ. ಹಸಿರು ಮಾರ್ಗದ ಜಯನಗರ ಮೆಟ್ರೊ ನಿಲ್ದಾಣ ಒಂದು ಕಿಲೋಮೀಟರ್ ಆಸುಪಾಸಿನಲ್ಲಿದೆ. ಒಳಗೆ ಬಸ್ಸು, ಆಟೊ, ಆಂಬುಲೆನ್ಸು, ಅಗ್ನಿಶಾಮಕ ವಾಹನ ಬರುತ್ತವೆ. ಅಲ್ಲಿ ಮನೆ ಇರುವವರಿಗೆ, ಅಂಗವಿಕಲರ ಗಾಡಿಗಳಿಗೆ ಪಾಸು ಇರುತ್ತದೆ. ಸರಕಿನ ಗಾಡಿಗೆ ಬೆಳಿಗ್ಗೆ, ರಾತ್ರಿ ಹೊತ್ತು ಗೊತ್ತು ಮಾಡಿರುತ್ತದೆ. ಬರಬಾರದ್ದು ಖಾಸಗಿ ಕಾರು ಮಾತ್ರ.

ಮೊದಲ ಜಟಾಪಟಿ ಜಾಗದ ಬಗ್ಗೆ. ರಸ್ತೆ ತೆರಿಗೆ ಕಟ್ಟಿದ್ದೇವೆ, ರಸ್ತೆ ನಮ್ಮದೂ ಹೌದು ಅಂದರು. ಸರಿ, ಅಳೆದು ನೋಡೋಣ. ಒಂದು ಕಾರು ನಿಲ್ಲಿಸಲು ಎಂಟು ಅಡಿ ಅಗಲ, ಹದಿನಾರು ಹದಿನೇಳು ಅಡಿ ಉದ್ದ ಬೇಕು. ಅಂದರೆ ಸುಮಾರು 130 ಚದರಡಿ. ಒಂಬತ್ತು ಕಾರು ಸೇರಿದರೆ ಒಂದು ಮೂವತ್ತು ನಲವತ್ತು ಸೈಟು. ಜಯನಗರದಲ್ಲಿ ಆ ಅಳತೆಯ ಸೈಟಿನ ಬೆಲೆ ಕೇಳಿದರೆ ನಮ್ಮ ಊರಿನ ಹೊಲಗಳೆಲ್ಲ ಮಾರಿದರೂ ಸಾಲದು. ಆ ಜಾಗವನ್ನು ಒಬ್ಬ ಮನುಷ್ಯ ಒಂದು ಕೇಜಿ ಸಿಹಿ ತರುವಷ್ಟು ಹೊತ್ತು, ಕೆಲವೊಮ್ಮೆ ಬೆಳಿಗ್ಗೆಯಿಂದ ಸಂಜೆವರೆಗೆ, ಬಿಡಿಗಾಸಿಗೋ ಪುಕ್ಕಟೆಗೋ ಇಟ್ಟುಕೊಳ್ಳುತ್ತಾನೆ. ಅದೇ 130 ಚದರಡಿಯಲ್ಲಿ ನಾಲ್ಕು ಸೊಪ್ಪಿನ ಬುಟ್ಟಿ ಇಟ್ಟು ನಾಲ್ಕು ಸಂಸಾರ ಸಾಕುವವರನ್ನು ಮಾತ್ರ ಒತ್ತುವರಿದಾರರು ಅನ್ನುತ್ತೇವೆ.

ಇದು ಬಾಯಿ ಮಾತಲ್ಲ. 2023ರ ಕೊನೆಯಲ್ಲಿ ಇದೇ ನಾಲ್ಕನೇ ಬ್ಲಾಕಿನಲ್ಲಿ ಬೀದಿ ವ್ಯಾಪಾರಿಗಳನ್ನು ತೆರವು ಮಾಡಿದರು. ಪಾದಚಾರಿಗಳಿಗೆ ಜಾಗ ಬೇಕು ಅನ್ನುವುದು ಆಗ ಕೊಟ್ಟ ಕಾರಣ. ಬೀದಿ ವ್ಯಾಪಾರಿಗಳ ಸಮೀಕ್ಷೆ ಮಾಡಿ, ಪಟ್ಟಣ ವ್ಯಾಪಾರ ಸಮಿತಿಯ ಮೂಲಕ ಜಾಗ ಗೊತ್ತು ಮಾಡಬೇಕು ಅಂತ 2014ರ ಕೇಂದ್ರ ಕಾಯ್ದೆಯೇ ಹೇಳುತ್ತದೆ. ಅದಿರಲಿ, ನಮ್ಮ ಪ್ರಶ್ನೆ ಬೇರೆ. ನಡೆಯುವವರಿಗೆ ಜಾಗ ಬೇಕು ಅಂದಾಗ ಬುಟ್ಟಿ ಎತ್ತಿಸಿದಿರಿ, ಪಕ್ಕದಲ್ಲೇ ಸಾಲಾಗಿ ನಿಂತ ಕಾರುಗಳ ಕಡೆ ಯಾಕೆ ನೋಡಲಿಲ್ಲ? ಎದುರು ತಂಡದವರು ಕೊನೆಯವರೆಗೂ ಇದಕ್ಕೆ ಉತ್ತರ ಕೊಡಲಿಲ್ಲ.

ತೆರಿಗೆಯ ಮಾತೂ ಅಷ್ಟೇ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆಗೆ 17 ಸಾವಿರ ಕೋಟಿ ರೂಪಾಯಿಗೂ ಮೇಲೆ ಅಂದಾಜು ಮಾಡಿದ್ದಾರೆ. ಅದರ ದಕ್ಷಿಣದ ಬಾಯಿ ಬಿಟಿಎಂ ಬಡಾವಣೆಯ ಮಗ್ಗುಲಲ್ಲೇ ತೆರೆಯುತ್ತದೆ. ಬೆಂಕಿಪೊಟ್ಟಣ ಕೊಳ್ಳುವಾಗಲೂ ತೆರಿಗೆ ಕಟ್ಟುವ ನಾವು ಆ ಸಾಲದ ಭಾರಕ್ಕೂ ಹೆಗಲು ಕೊಡುವವರೇ. ಆದ್ದರಿಂದ ರಸ್ತೆ ಕಾರಿನವರ ತೆರಿಗೆಯಿಂದ ಆದದ್ದು ಅನ್ನುವ ಮಾತು ಇಲ್ಲಿಗೆ ಸಾಕು.

ಎರಡನೆಯದು ವ್ಯಾಪಾರ. ಇಲ್ಲಿ ಎದುರು ತಂಡ ಗಟ್ಟಿಯಾಗಿ ಮಾತಾಡಿತು. ಕಾರು ಬಾರದಿದ್ದರೆ ಗಿರಾಕಿ ಬರಲ್ಲ, ಗಿರಾಕಿ ಬಾರದಿದ್ದರೆ ಅಂಗಡಿಯ ಹುಡುಗರ ಕೆಲಸ ಹೋಗುತ್ತದೆ, ಆ ಹುಡುಗರೂ ಹಳ್ಳಿಯವರೇ ಅಂದರು. ಕೊನೆಯ ಮಾತು ನಿಜ. ಅದಕ್ಕೇ ಇದನ್ನು ತಳ್ಳಿಹಾಕುವುದಿಲ್ಲ.

ಆದರೆ ಗಿರಾಕಿ ಹೇಗೆ ಬರುತ್ತಾನೆ ಅಂತ ಅಂಗಡಿಯವರಿಗೆ ಗೊತ್ತಿರುತ್ತದೆ ಅನ್ನುವುದನ್ನೇ ಮೊದಲು ಪರೀಕ್ಷಿಸಬೇಕು. ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಒಂದು ಪೇಟೆ ಬೀದಿಯಲ್ಲಿ 2006ರಲ್ಲಿ ಹೀಗೆ ಕೇಳಿ ನೋಡಿದರು. ನಮ್ಮ ಗಿರಾಕಿಗಳಲ್ಲಿ ನೂರಕ್ಕೆ 41 ಜನ ಕಾರಿನಲ್ಲಿ ಬರುತ್ತಾರೆ ಅಂತ ಅಂಗಡಿಯವರು ಅಂದಾಜು ಮಾಡಿದರು. ಗಿರಾಕಿಗಳನ್ನೇ ನಿಲ್ಲಿಸಿ ಕೇಳಿದಾಗ ಸಿಕ್ಕಿದ್ದು ನೂರಕ್ಕೆ 22. ಇದು ಮೋಸ ಅಲ್ಲ, ಕಣ್ಣಿನ ಸ್ವಭಾವ. ಕಾರಿನಲ್ಲಿ ಬಂದವನು ಹಾರನ್ ಹೊಡೆಯುತ್ತಾನೆ, ಪಾರ್ಕಿಂಗ್ ಇಲ್ಲ ಅಂತ ದೂರುತ್ತಾನೆ, ನೆನಪಿನಲ್ಲಿ ಉಳಿಯುತ್ತಾನೆ. ಬಸ್ಸಿಳಿದು ಬಂದು ಎರಡು ಬಳೆ ಡಜನ್ ಕೊಂಡು ಹೋದ ಹೆಂಗಸು ನೆನಪಿನಲ್ಲಿ ಉಳಿಯುವುದಿಲ್ಲ. ಬ್ರಿಸ್ಟಲ್ ಎಲ್ಲಿ, ಜಯನಗರ ಎಲ್ಲಿ ಅಂದರು. ಒಪ್ಪಿದೆವು. ಆದರೆ ಅಲ್ಲಿ ಕಾರು ಇಲ್ಲಿಗಿಂತ ಹೆಚ್ಚು ಮನೆಗಳಲ್ಲಿದೆ, ಬಸ್ಸಿನ ಗಿರಾಕಿ ಇಲ್ಲಿಗಿಂತ ಕಡಿಮೆ. ಬೆಂಗಳೂರಿನಲ್ಲಿ ನೋಂದಣಿ ಆದ ವಾಹನ ಒಂದು ಕೋಟಿ ದಾಟಿದೆ, ಅದರಲ್ಲಿ ಹೆಚ್ಚಿನವು ಬೈಕು, ಸ್ಕೂಟರು. ಕಾರು ಐದರಲ್ಲಿ ಒಂದರ ಆಸುಪಾಸು. ಹಾಗಾದರೆ ಕಾರಿಲ್ಲದೆ ವ್ಯಾಪಾರವಿಲ್ಲ ಅನ್ನುವ ಮಾತು ಬ್ರಿಸ್ಟಲ್‌ಗಿಂತ ಇಲ್ಲಿ ಇನ್ನೂ ದುರ್ಬಲ.

ವಿದೇಶ ಬಿಡಿ, ಬಸವನಗುಡಿಗೆ ಬನ್ನಿ. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿ ಮುಂದೆ ಕಡಲೆಕಾಯಿ ಪರಿಷೆ ನಡೆಯುತ್ತದೆ. ಬುಲ್ ಟೆಂಪಲ್ ರಸ್ತೆಯಲ್ಲಿ ವಾಹನ ನಿಲ್ಲಿಸುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ರಾಮನಗರ ಕಡೆಯಿಂದ ಬಂದವರು ರಸ್ತೆಯ ಎರಡೂ ಬದಿ ಕಾಯಿ ರಾಶಿ ಹಾಕಿ ಸೇರಿನಲ್ಲಿ ಅಳೆಯುತ್ತಾರೆ. ಕಾರಿಲ್ಲದ ಆ ರಸ್ತೆಯಲ್ಲಿ ಜನ ಭುಜಕ್ಕೆ ಭುಜ ತಾಗಿಸಿಕೊಂಡು ನಡೆಯುತ್ತಾರೆ, ಕೊಳ್ಳುತ್ತಾರೆ. ರಸ್ತೆ ಮುಚ್ಚಿದ್ದರಿಂದ ಪರಿಷೆ ಕೆಟ್ಟಿತು ಅಂತ ಒಬ್ಬ ಕಡಲೆಕಾಯಿ ವ್ಯಾಪಾರಿಯಾದರೂ ಹೇಳಿದ್ದನ್ನು ನಾವು ಕೇಳಿಲ್ಲ. ನಮ್ಮ ಹೋಬಳಿ ಸಂತೆಗಳೂ ಹೀಗೇ ಅಲ್ಲವೆ? ಸಂತೆಯ ದಿನ ಸೊಪ್ಪಿನ ಸಾಲಿನ ನಡುವೆ ಯಾರಾದರೂ ಕಾರು ನುಗ್ಗಿಸಿದರೆ ಊರಿನವರು ಏನನ್ನುತ್ತಾರೆ ಅಂತ ನಿಮಗೇ ಗೊತ್ತು.

ಪರಿಷೆ ವರ್ಷಕ್ಕೆ ಒಮ್ಮೆ, ಪೇಟೆ ದಿನಾ ಅಂತ ಎದುರು ತಂಡ ತಿರುಗೇಟು ಕೊಟ್ಟಿತು. ನ್ಯಾಯವಾದ ಮಾತು. ಅದಕ್ಕೆ ನಾವು ಚರ್ಚ್ ಸ್ಟ್ರೀಟ್ ತೋರಿಸಿದೆವು. 2020ರ ನವೆಂಬರಿನಿಂದ 2021ರ ಫೆಬ್ರವರಿವರೆಗೆ ವಾರಾಂತ್ಯಗಳಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ ಆ ಬೀದಿಗೆ ವಾಹನ ಬಿಡಲಿಲ್ಲ. ಕೊರೊನಾದಿಂದ ಪೇಟೆಗಳು ಮಂಕಾಗಿದ್ದ ಹೊತ್ತಿನಲ್ಲೂ ಜನ ಅಲ್ಲಿಗೆ ಬಂದರು. ಆದರೆ ಅಲ್ಲಿಂದ ನಾವು ಕಲಿಯಬೇಕಾದ ಕಹಿ ಪಾಠವೂ ಇದೆ. ಅವಧಿ ಮುಗಿಯಿತು, ಕಾರು ವಾಪಸ್ ಬಂದವು. ಪ್ರಯೋಗ ಅಂತ ಕರೆದು, ಮುಂದೇನು ಅಂತ ಹೇಳದೆ ಶುರು ಮಾಡಿದ್ದು ಕ್ಯಾಲೆಂಡರಿನ ಹಾಳೆ ಮಗುಚಿದ ಕೂಡಲೇ ಮರೆತುಹೋಗುತ್ತದೆ.

ಮೂರನೆಯದು ರೋಗಿಗಳ ಮಾತು. ಕನಕಪುರದ ಕಡೆಯಿಂದ ಹೃದಯದ ತೊಂದರೆ ಇರುವ ಅಪ್ಪನನ್ನು ಕಾರಿನಲ್ಲಿ ಕರೆತರುವ ಮಗನನ್ನು ನಿಲ್ಲಿಸುತ್ತೀರಾ ಅಂತ ಕೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ಚಪ್ಪಾಳೆ ಸರಿ, ನಕ್ಷೆ ತಪ್ಪು. ಜಯದೇವ ಆಸ್ಪತ್ರೆ ಇರುವುದು ಬನ್ನೇರುಘಟ್ಟ ರಸ್ತೆಯಲ್ಲಿ, ನಾವು ಹೇಳುವ ಪೇಟೆ ಬೀದಿಗಳ ಹೊರಗೆ. ಕಿದ್ವಾಯಿ, ಸಂಜಯ್ ಗಾಂಧಿ ಆಸ್ಪತ್ರೆಗಳೂ ಹೊರಗೇ. ಆ ಮಗನ ಕಾರನ್ನು ಯಾರೂ ತಡೆಯುವುದಿಲ್ಲ. ಬದಲಿಗೆ ಇವತ್ತು ಅವನನ್ನು ಸಿಗ್ನಲ್ ಸಿಗ್ನಲಿನಲ್ಲೂ ತಡೆಯುತ್ತಿರುವುದು ಅವನ ಮುಂದೆ ಒಬ್ಬೊಬ್ಬರೇ ಕೂತು ಹೋಗುತ್ತಿರುವ ಕಾರುಗಳ ಸಾಲು.

ಅದೇ ಕನಕಪುರದ ರೋಗಿ ಮುಂದಿನ ತಿಂಗಳು ಬರೀ ಚೆಕಪ್ಪಿಗೆ ಬರುವಾಗ ಏನು ಮಾಡಬಹುದು ನೋಡಿ. ಬಸ್ಸಿನಲ್ಲಿ ಬನಶಂಕರಿಯಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಮುಂದಿನ ನಿಲ್ದಾಣವೇ ಆರ್.ವಿ. ರಸ್ತೆ. ಅಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿದರೆ ರಾಗಿಗುಡ್ಡ ಆದ ಮೇಲೆ ಎರಡನೆಯದು ಜಯದೇವ ಆಸ್ಪತ್ರೆ ನಿಲ್ದಾಣ. ಈ ಮಾರ್ಗ ಶುರುವಾದದ್ದು 2025ರ ಆಗಸ್ಟಿನಲ್ಲಿ. ಆರಂಭದಲ್ಲಿ ರೈಲು ಮೂರೇ ಇದ್ದವು, 25 ನಿಮಿಷಕ್ಕೊಂದರಂತೆ ಬರುತ್ತಿದ್ದವು. ಅದನ್ನು ಎದುರು ತಂಡ ಸರಿಯಾಗಿಯೇ ಎತ್ತಿ ತೋರಿಸಿತು. ಮೆಟ್ರೊ ದರ 2025ರ ಫೆಬ್ರವರಿಯಲ್ಲಿ ಏರಿ, ಅತಿ ದೂರದ ಪ್ರಯಾಣದ ಟಿಕೆಟು 60ರಿಂದ 90 ರೂಪಾಯಿ ಆದದ್ದನ್ನೂ ಹೇಳಿತು. ಎರಡೂ ನಿಜ. ಇದು ರೈಲು ಹೆಚ್ಚಿಸಿ, ದರ ಇಳಿಸಿ ಅನ್ನುವುದಕ್ಕೆ ಕಾರಣ. ಕಾಂಪ್ಲೆಕ್ಸಿನ ಮುಂದೆ ಕಾರು ನಿಲ್ಲಿಸಲು ಬಿಡಿ ಅನ್ನುವುದಕ್ಕೆ ಅದು ಹೇಗೆ ಕಾರಣವಾಗುತ್ತದೆ ಅಂತ ನಮಗೆ ತಿಳಿಯಲಿಲ್ಲ.

ಇನ್ನು ನಾಲ್ಕನೆಯದು. ಈ ಚರ್ಚೆಯ ನಡುಗಂಬ ಇದೇ. "ಮೊದಲು ಬಸ್ಸು ಸರಿ ಮಾಡಿ, ಆಮೇಲೆ ಕಾರು ನಿಲ್ಲಿಸಿ" ಅಂದರು. ಕೇಳಲು ಎಷ್ಟು ಸಮಂಜಸ! ಕೆರೆ ತುಂಬಲಿ, ಆಮೇಲೆ ತೂಬು ರಿಪೇರಿ ಮಾಡೋಣ ಅಂದ ಹಾಗೆ. ಒಡೆದ ತೂಬಿನಿಂದ ನೀರು ಹರಿದು ಹೋಗುತ್ತಿದ್ದರೆ ಕೆರೆ ತುಂಬುವುದು ಯಾವಾಗ?

ಲೆಕ್ಕ ಮಾಡಿ ತೋರಿಸುತ್ತೇವೆ, ಕಷ್ಟದ್ದಲ್ಲ. ಹತ್ತು ಕಿಲೋಮೀಟರ್ ಉದ್ದದ ಒಂದು ಬಸ್ ಮಾರ್ಗ ಇದೆ ಅಂದುಕೊಳ್ಳಿ. ದಟ್ಟಣೆಯಲ್ಲಿ ಬಸ್ಸು ಗಂಟೆಗೆ ಹತ್ತು ಕಿಲೋಮೀಟರ್ ಹೋಗುತ್ತದೆ. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ಹತ್ತು ನಿಮಿಷಕ್ಕೆ ಒಂದು ಬಸ್ಸು ಬರಬೇಕಾದರೆ ಈ ಮಾರ್ಗಕ್ಕೆ ಹನ್ನೆರಡು ಬಸ್ಸು ಬೇಕು. ದಾರಿ ಬಿಡಿಸಿ ಅದೇ ಬಸ್ಸು ಗಂಟೆಗೆ ಹದಿನೈದು ಕಿಲೋಮೀಟರ್ ಹೋಗುವಂತಾದರೆ ಹೋಗಿ ಬರಲು ಎಂಬತ್ತು ನಿಮಿಷ ಸಾಕು. ಅದೇ ಹನ್ನೆರಡು ಬಸ್ಸು ಈಗ ಏಳು ನಿಮಿಷಕ್ಕೂ ಮೊದಲೇ ಒಂದೊಂದರಂತೆ ಬರುತ್ತವೆ. ಒಂದೂ ಹೊಸ ಬಸ್ಸು ಕೊಳ್ಳಲಿಲ್ಲ, ಒಬ್ಬ ಹೊಸ ಚಾಲಕನನ್ನೂ ತೆಗೆದುಕೊಳ್ಳಲಿಲ್ಲ. ನಾಲ್ಕು ಬಸ್ಸು ಹೆಚ್ಚುವರಿ ಸಿಕ್ಕಂತಾಯಿತು. ಸರ್ಕಾರ ಬಸ್ಸು ಕೊಳ್ಳುತ್ತಲೇ ಇದ್ದು, ಅವು ಕಾರುಗಳ ಹಿಂದೆ ನಿಂತೇ ಇದ್ದರೆ ಆ ಹಣ ಡೀಸೆಲಿನ ಹೊಗೆಯಾಗಿ ಹೋಗುತ್ತದೆ.

ಇದರಲ್ಲಿ ನಾವು ಅತಿ ಮಾಡಬಾರದು. ನಾಲ್ಕನೇ ಬ್ಲಾಕಿನ ಒಂದೆರಡು ಬೀದಿ ಬಿಡಿಸಿದರೆ ಇಡೀ ಹತ್ತು ಕಿಲೋಮೀಟರ್ ವೇಗ ಏರುವುದಿಲ್ಲ. ಏರುವುದು ಆ ಮುಕ್ಕಾಲು ಕಿಲೋಮೀಟರಿನಲ್ಲಿ ಮಾತ್ರ. ಆದರೆ ಬಸ್ಸು ಸಿಕ್ಕಿಹಾಕಿಕೊಳ್ಳುವುದು ಇಂಥ ಪೇಟೆಗಳಲ್ಲೇ. ಅಡ್ಡ ನಿಲ್ಲಿಸಿದ ಒಂದು ಕಾರು ನಿಲ್ದಾಣದಿಂದ ಹೊರಬರುವ ಎಲ್ಲ ಬಸ್ಸಿಗೂ ಅಡ್ಡ. ಶುರುವಿನಲ್ಲೇ ಐದು ನಿಮಿಷ ತಡವಾದ ಬಸ್ಸು ಮುಂದಿನ ಪ್ರತಿ ನಿಲ್ದಾಣಕ್ಕೂ ತಡವಾಗಿ ಹೋಗುತ್ತದೆ. ಅದರ ಹಿಂದಿನದು ಅದನ್ನು ಹಿಡಿಯುತ್ತದೆ. ಅರ್ಧ ಗಂಟೆ ಒಂದೂ ಬಸ್ಸಿಲ್ಲ, ಆಮೇಲೆ ಮೂರು ಒಟ್ಟಿಗೆ ಬಂದವು ಅಂತ ನೀವು ಬೈಯುತ್ತೀರಲ್ಲ, ಅದರ ಹುಟ್ಟು ಇಲ್ಲಿ.

ಬಸ್ಸು ಮೊದಲೋ ನಿಷೇಧ ಮೊದಲೋ ಅನ್ನುವುದಕ್ಕೆ ಲಂಡನ್ ಒಂದು ಉತ್ತರ ಕೊಟ್ಟಿತ್ತು. 2003ರ ಫೆಬ್ರವರಿ 17ರಂದು ನಗರದ ನಡುಭಾಗಕ್ಕೆ ಬರುವ ಕಾರುಗಳಿಗೆ ದಿನಕ್ಕೆ ಐದು ಪೌಂಡ್ ಶುಲ್ಕ ಹಾಕಿದರು. ಆ ಹೊತ್ತಿಗೇ ಸುಮಾರು 300 ಹೆಚ್ಚುವರಿ ಬಸ್ಸುಗಳನ್ನು ರಸ್ತೆಗೆ ಬಿಟ್ಟರು. ಮೊದಲು, ಆಮೇಲೆ ಅಂತ ಏನಿಲ್ಲ, ಎರಡೂ ಒಂದೇ ಬೆಳಿಗ್ಗೆ. ನಾವು ಕೇಳುವುದೂ ಅಷ್ಟೇ. ಕಾರು ನಿಲ್ಲುವ ದಿನವೇ ಮೆಟ್ರೊ ನಿಲ್ದಾಣದಿಂದ ಕಾಂಪ್ಲೆಕ್ಸಿಗೆ ಸುತ್ತು ಹೊಡೆಯುವ ಚಿಕ್ಕ ಬಸ್ಸು ಓಡಬೇಕು. ಅದಿಲ್ಲದೆ ನಿಷೇಧ ಮಾಡಿದರೆ ನಾವೂ ಎದುರು ತಂಡದ ಜೊತೆ ನಿಲ್ಲುತ್ತೇವೆ.

ನಮ್ಮಲ್ಲೂ ಒಮ್ಮೆ ಬಸ್ಸಿಗೆ ದಾರಿ ಬಿಡಿಸಿದ್ದರು. 2019ರ ಅಕ್ಟೋಬರಿನಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಕೆ.ಆರ್. ಪುರ ಕಡೆಗೆ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೇ ಪ್ರತ್ಯೇಕ ಪಥ ಬಂತು, ಅಡ್ಡ ಕಂಬಗಳನ್ನು ನೆಟ್ಟರು. ಮೆಟ್ರೊ ಕಾಮಗಾರಿ ಬಂದಾಗ ಆ ಪಥ ಹೋಯಿತು. ರಸ್ತೆ ಕಿರಿದಾದಾಗ ಮೊದಲು ಹೋದದ್ದು ಬಸ್ಸಿನ ಪಾಲು ಎಂಬುದನ್ನು ಗಮನಿಸಿ.

ನಿಷೇಧದ ಬದಲು ಶುಲ್ಕ ಸಾಕು, ಲಂಡನ್ನೂ ಶುಲ್ಕವನ್ನೇ ಹಾಕಿತಲ್ಲ ಅಂತ ಆಗ ಕೇಳಿದರು. ಚತುರ ಪ್ರಶ್ನೆ. ದೊಡ್ಡ ಪ್ರದೇಶಕ್ಕೆ ಶುಲ್ಕವೇ ಸರಿ ಅಂತ ನಮಗೂ ಅನ್ನಿಸುತ್ತದೆ. ಆದರೆ ನಾಲ್ಕು ಬೀದಿಯ ಪೇಟೆಗೆ ಶುಲ್ಕ ಹಾಕಿದರೆ ದುಡ್ಡಿರುವವನು ಕೊಟ್ಟು ಒಳಗೆ ಬರುತ್ತಾನೆ, ಜಾಗ ಬಿಡುಗಡೆ ಆಗುವುದಿಲ್ಲ. ಕಟಾಂಜನಕ್ಕೆ ಬೀಗ ಹಾಕಿ ಕೀಲಿಯನ್ನು ಹರಾಜಿಗಿಟ್ಟಂತೆ ಅದು. ಹೊಗೆ, ಗದ್ದಲದ ಬಗ್ಗೆ ಎರಡೂ ಕಡೆ ಭಿನ್ನಾಭಿಪ್ರಾಯ ಇರಲಿಲ್ಲ. ಬ್ಯಾಟರಿ ಕಾರು ಬಂದರೆ ಹೊಗೆ ಹೋಗುತ್ತದೆ ಅಂದರು. ಹೋಗಲಿ, ಬ್ಯಾಟರಿ ಕಾರಿಗೂ 130 ಚದರಡಿಯೇ ಬೇಕು.

ಎದುರು ತಂಡದ ಬಲವಾದ ಏಟು ಬಿದ್ದದ್ದು ಕೊನೆಯಲ್ಲಿ. ನಾಲ್ಕನೇ ಬ್ಲಾಕಿನಲ್ಲಿ ಕಾರು ನಿಲ್ಲಿಸಿದರೆ ಅವು ಮೂರನೇ ಬ್ಲಾಕಿನ, ಐದನೇ ಬ್ಲಾಕಿನ ಮನೆಗಳ ಮುಂದೆ ಹೋಗಿ ನಿಲ್ಲುತ್ತವೆ ಅಂದರು. ಇದು ಆಗುತ್ತದೆ, ಆಗುವುದಿಲ್ಲ ಅಂದರೆ ಸುಳ್ಳಾಗುತ್ತದೆ. ಎಷ್ಟು ಆಗುತ್ತದೆ ಎಂಬುದೇ ಪ್ರಶ್ನೆ. ರಸ್ತೆಯ ಜಾಗ ಕಡಿಮೆ ಮಾಡಿದ ಎಪ್ಪತ್ತು ಪ್ರಕರಣಗಳನ್ನು ಬ್ರಿಟನ್ನಿನ ಸಂಶೋಧಕರು ಹನ್ನೊಂದು ದೇಶಗಳಿಂದ ಕೂಡಿಸಿ ನೋಡಿದ್ದರು. ಅವನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿಟ್ಟರೆ ನಡುವೆ ಬರುವ ಪ್ರಕರಣದಲ್ಲಿ, ಹಿಂದೆ ಅಲ್ಲಿ ಓಡುತ್ತಿದ್ದ ವಾಹನಗಳಲ್ಲಿ ನೂರಕ್ಕೆ 11ರಷ್ಟು ಪಕ್ಕದ ಬೀದಿಗಳಲ್ಲೂ ಕಾಣಿಸಲಿಲ್ಲ. ಜನ ಬೇರೆ ಹೊತ್ತಿಗೆ ಬಂದರು, ಬಸ್ಸು ಹತ್ತಿದರು, ಎರಡು ಸಲ ಬರುವವರು ಒಂದೇ ಸಲ ಬಂದರು. ಹನ್ನೊಂದು ಅಂದರೆ ನೂರಲ್ಲ, ಉಳಿದವು ಎಲ್ಲೋ ಹೋಗಲೇಬೇಕು. ಅದಕ್ಕೇ ಅಂಚಿನ ಬೀದಿಗಳಲ್ಲಿ ಅದೇ ದಿನದಿಂದ ಹಣ ಕೊಟ್ಟು ನಿಲ್ಲಿಸುವ ಪದ್ಧತಿ, ಅಲ್ಲಿನ ಮನೆಯವರಿಗೆ ಪಾಸು ಬೇಕು ಅಂತ ನಾವು ಮೊದಲ ಭಾಷಣದಲ್ಲೇ ಹೇಳಿದ್ದೆವು. ರಾಜ್ಯ ಸರ್ಕಾರ 2021ರಲ್ಲಿ ಒಪ್ಪಿದ ಬೆಂಗಳೂರಿನ ಪಾರ್ಕಿಂಗ್ ನೀತಿಯಲ್ಲಿ ಹಣ ಕೊಟ್ಟು ನಿಲ್ಲಿಸುವ ಮಾತು ಆಗಲೇ ಇದೆ.

ಬೈಕಿನ ವಿಚಾರದಲ್ಲಿ ನಾವು ಪೂರ್ತಿ ಗೆದ್ದೆವು ಅಂತ ಹೇಳಿಕೊಳ್ಳುವುದಿಲ್ಲ. ಕಾರು ಹೋದ ಜಾಗಕ್ಕೆ ಬೈಕು ಬಂದು ತುಂಬುತ್ತದೆ ಅಂದರು. ದೆಹಲಿಯ ಚಾಂದನಿ ಚೌಕದಲ್ಲಿ ಹೀಗೇ ಆದ ದೂರುಗಳಿವೆ. ಕೆಂಪುಕೋಟೆಯ ಎದುರಿನಿಂದ ಫತೇಪುರಿ ಮಸೀದಿವರೆಗೆ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಮೋಟಾರು ವಾಹನ ನಿಷೇಧಿಸಿ, ಹೊಸದಾಗಿ ಕಟ್ಟಿದ ಬೀದಿಯನ್ನು 2021ರ ಸೆಪ್ಟೆಂಬರಿನಲ್ಲಿ ಉದ್ಘಾಟಿಸಿದರು. ಬೋರ್ಡು ಇತ್ತು, ಕಲ್ಲಿನ ನೆಲ ಚೆನ್ನಾಗಿತ್ತು. ಆದರೂ ಅಡ್ಡ ಗಲ್ಲಿಗಳಿಂದ ಸ್ಕೂಟರುಗಳು ನುಗ್ಗಿದವು. ಬೋರ್ಡು ಬೈಕನ್ನು ತಡೆಯುವುದಿಲ್ಲ, ಕಂಬ ತಡೆಯುತ್ತದೆ, ಕಂಬದ ಬಳಿ ನಿಂತ ಮನುಷ್ಯ ತಡೆಯುತ್ತಾನೆ. ಇಲ್ಲಿ ನಮ್ಮ ನಿಲುವು ಇಷ್ಟು: ಬೈಕನ್ನು ಈಗಲೇ ನಿಷೇಧಿಸುವುದಿಲ್ಲ, ಯಾಕೆಂದರೆ ಅದರ ಮೇಲೆ ಬರುವವರಲ್ಲಿ ಪ್ಲಂಬರ್ ಇದ್ದಾನೆ, ಹಾಲಿನವನಿದ್ದಾನೆ. ಆದರೆ ಫುಟ್‌ಪಾತಿನ ಮೇಲೆ ಅದು ಹತ್ತದ ಹಾಗೆ ಕಂಬ ನೆಡಬೇಕು. ಇದಕ್ಕಿಂತ ಒಳ್ಳೆಯ ಉತ್ತರ ಎದುರು ತಂಡದ ಬಳಿ ಇದ್ದರೆ ನಾವು ಕೇಳಲು ಸಿದ್ಧರಿದ್ದೆವು. ಅವರ ಉತ್ತರ ಇದ್ದ ಹಾಗೇ ಇರಲಿ ಅನ್ನುವುದಾಗಿತ್ತು.

ಇದನ್ನು ಮಾಡಲು ಹೊಸ ಕಾನೂನು ಬೇಕಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನಲ್ಲಿ, ಸಾರ್ವಜನಿಕರ ಸುರಕ್ಷತೆ, ಅನುಕೂಲಕ್ಕಾಗಿ ನಿರ್ದಿಷ್ಟ ಪ್ರದೇಶದಲ್ಲಿ ಅಥವಾ ರಸ್ತೆಯಲ್ಲಿ ವಾಹನ ನಿಷೇಧಿಸುವ ಅಧಿಕಾರ ಸರ್ಕಾರಕ್ಕೂ, ಸರ್ಕಾರ ಅಧಿಕಾರ ಕೊಟ್ಟ ಪ್ರಾಧಿಕಾರಕ್ಕೂ ಇದೆ. ಒಂದು ತಿಂಗಳಿಗೆ ಮೀರದ ನಿಷೇಧಕ್ಕೆ ರಾಜ್ಯಪತ್ರದಲ್ಲಿ ಪ್ರಕಟಣೆಯೂ ಬೇಡ, ಸ್ಥಳೀಯವಾಗಿ ತಿಳಿಸಿದರೆ ಸಾಕು. ಆದ್ದರಿಂದ ಈ ಸಭೆಯ ಮುಂದೆ ನಮ್ಮ ಬೇಡಿಕೆ ಒಂದು ತಿಂಗಳಿನಿಂದ ಶುರುವಾಗುತ್ತದೆ. ಚರ್ಚ್ ಸ್ಟ್ರೀಟಿನ ಹಾಗೆ ಮುಂದೇನು ಎಂಬುದನ್ನು ಗಾಳಿಗೆ ಬಿಡಬಾರದು. ಯಾವ ಲೆಕ್ಕ ಬಂದರೆ ಮುಂದುವರಿಸುತ್ತೇವೆ, ಯಾವುದು ಬಂದರೆ ನಿಲ್ಲಿಸುತ್ತೇವೆ ಅಂತ ಮೊದಲೇ ಬರೆದು ಬೋರ್ಡಿಗೆ ಹಾಕಬೇಕು.

ಆ ಲೆಕ್ಕದಲ್ಲಿ ನಮ್ಮನ್ನು ಸೋಲಿಸುವ ದಾರಿಯನ್ನೂ ನಾವೇ ಹೇಳುತ್ತೇವೆ. ಸಣ್ಣ ಅಂಗಡಿಗಳ, ತಳ್ಳುಗಾಡಿಗಳ ದಿನದ ವ್ಯಾಪಾರ ಇಳಿದರೆ ನಾವು ಸೋತೆವು. ಬಸ್ಸು ನಿಲ್ದಾಣ ಬಿಟ್ಟು ಪೇಟೆ ದಾಟಲು ಹಿಡಿಯುವ ನಿಮಿಷಗಳು ಕಡಿಮೆಯಾಗದಿದ್ದರೆ ಸೋತೆವು. ಮೂರನೇ ಬ್ಲಾಕಿನ ಅಡ್ಡರಸ್ತೆಯಲ್ಲಿ ಆಂಬುಲೆನ್ಸು ಸಿಕ್ಕಿಕೊಂಡರೆ ಸೋತೆವು. ಆದರೆ ಎಣಿಸುವ ತಿಂಗಳನ್ನು ನೋಡಿ ಆರಿಸಬೇಕು. ಆಷಾಢದಲ್ಲಿ ಮಾಡಿದರೆ ಬಟ್ಟೆ, ಚಿನ್ನದ ಅಂಗಡಿಗಳು ಹೇಗೂ ಖಾಲಿ, ಗೌರಿ ಗಣೇಶ ಹಬ್ಬದ ಮುಂದೆ ಮಾಡಿದರೆ ಹೇಗೂ ಜಾತ್ರೆ. ಎರಡೂ ಸುಳ್ಳು ಹೇಳುತ್ತವೆ. ಹಬ್ಬವೂ ಇಲ್ಲದ, ಆಷಾಢವೂ ಅಲ್ಲದ ಒಂದು ಸಾಧಾರಣ ತಿಂಗಳು ಬೇಕು. ಕಾರು ಇರುವಾಗಿನ ಲೆಕ್ಕ ಇಲ್ಲದೆ ಕಾರಿಲ್ಲದ ಲೆಕ್ಕಕ್ಕೆ ಅರ್ಥವಿಲ್ಲ. ಹಾಗಾಗಿ ಪುಸ್ತಕ ಹಿಡಿದು ಎಣಿಸುವವರು ಬೀದಿಗೆ ಇಳಿಯಬೇಕಾದದ್ದು ನಿಷೇಧಕ್ಕೂ ಒಂದು ತಿಂಗಳು ಮುಂಚೆ.